ಕ್ಯಾಂಟೀನಿನ ಅನ್ನ ಮತ್ತು ದಾಲ್: ಬೇಯಿಸುವುದಕ್ಕಿಂತ ತಣಿಸುವುದೇ ಕಷ್ಟ

ನಿರ್ಣಾಯಕ ನಿಯಂತ್ರಣ ಬಿಂದು, ಅಂದರೆ ಸಿಸಿಪಿ, ಎಂಬುದನ್ನು ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ: ಅಪಾಯವನ್ನು ತಡೆಯಲು ಅಥವಾ ಸುರಕ್ಷಿತ ಮಟ್ಟಕ್ಕೆ ಇಳಿಸಲು ನಿಯಂತ್ರಣ ಇರಲೇಬೇಕಾದ ಹಂತ. ಅನ್ನ ಮತ್ತು ದಾಲ್ ವಿಷಯದಲ್ಲಿ ಆ ಹಂತ ಯಾವುದು ಎಂದು ಕೇಳಿದರೆ ಹೆಚ್ಚಿನವರು 'ಚೆನ್ನಾಗಿ ಬೇಯಿಸುವುದು' ಅನ್ನುತ್ತಾರೆ. ಆ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಅಲ್ಲಿಗೇ ನಿಂತರೆ ಆಹಾರ ಸುರಕ್ಷತಾ ಯೋಜನೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಮಧ್ಯಾಹ್ನದ ಅಡುಗೆಯಲ್ಲಿ ಉಳಿದದ್ದನ್ನು ರಾತ್ರಿಗೋ ಮರುದಿನಕ್ಕೋ ಇಡುವ ಕ್ಯಾಂಟೀನಿನಲ್ಲಿ ಕೈಕೊಡುವ ಹಂತ ತಣಿಸುವುದು. ಈ ಟಿಪ್ಪಣಿಯ ಬಹುಪಾಲು ಅದರ ಬಗ್ಗೆಯೇ.

ಕುದಿಸಿದರೂ ಉಳಿಯುವುದು ಏನು

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಸ್ಪೋರ್‌ಗಳು ಇರುವುದು ಸಾಮಾನ್ಯ. ಬೇಳೆ, ಮಸಾಲೆ, ತರಕಾರಿಗೆ ಅಂಟಿದ ಮಣ್ಣಿನ ಜೊತೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಸ್ಪೋರ್‌ಗಳೂ ಬರಬಹುದು. ಸ್ಪೋರ್ ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುತ್ತಿರುವ ಬ್ಯಾಕ್ಟೀರಿಯಾ. ಕುದಿಯುವ ನೀರು ಜೀವಂತ ಕೋಶಗಳನ್ನು ಕೊಲ್ಲುತ್ತದೆ, ಆದರೆ ಬಹಳಷ್ಟು ಸ್ಪೋರ್‌ಗಳು ಅದನ್ನು ತಾಳಿಕೊಳ್ಳುತ್ತವೆ. ಅಷ್ಟೇ ಅಲ್ಲ, ಆ ಬಿಸಿಯೇ ಅವನ್ನು ಎಬ್ಬಿಸಿ ಮೊಳೆಯುವಂತೆ ಮಾಡುತ್ತದೆ. ಪೈಪೋಟಿ ಕೊಡುವ ಬೇರೆ ಬ್ಯಾಕ್ಟೀರಿಯಾ ಸತ್ತಿರುತ್ತವೆ. ಕುದಿತ ದಾಲ್‌ನಲ್ಲಿದ್ದ ಆಮ್ಲಜನಕವನ್ನೂ ಹೊರದೂಡಿರುತ್ತದೆ, ಪರ್ಫ್ರಿಂಜೆನ್ಸ್‌ಗೆ ಬೇಕಾದದ್ದೂ ಅದೇ.

ಹಾಗಾಗಿ ಬೇಯಿಸುವ ಹಂತವನ್ನು ಯೋಜನೆಯಲ್ಲಿ ಇಟ್ಟುಕೊಳ್ಳಿ, ಆದರೆ ಅದರ ಮೇಲೆ ಹೆಚ್ಚು ಶ್ರಮ ಹಾಕಬೇಡಿ. ಬೇಳೆ ಮೆತ್ತಗೆ ಬೆಂದಿದೆ ಅಂದರೆ ಅದು 74 ಡಿಗ್ರಿ ಸೆಲ್ಸಿಯಸ್ ದಾಟಿ ಎಷ್ಟೋ ಹೊತ್ತಾಗಿರುತ್ತದೆ. ಈ ಅಡುಗೆಗಳಲ್ಲಿ ಆ ಹಂತ ತಪ್ಪುವುದು ಅಪರೂಪ.

ಒಂದು ಪಾತ್ರೆ ದಾಲ್‌ನ ಲೆಕ್ಕ

ಊಟದ ಹೊತ್ತು ಮುಗಿದು 20 ಕಿಲೋ ಗಟ್ಟಿ ದಾಲ್ ಉಳಿದಿದೆ ಎಂದಿಟ್ಟುಕೊಳ್ಳಿ. ಪಾತ್ರೆಯಲ್ಲಿ ಅದರ ಆಳ ಸುಮಾರು 30 ಸೆಂಟಿಮೀಟರ್. ಮುಚ್ಚಳ ಹಾಕಿ ಮೂಲೆಯಲ್ಲಿ ಇಟ್ಟಿದ್ದಾರೆ. ಅಡುಗೆಮನೆಯ ತಾಪ 30 ಡಿಗ್ರಿ. ಮಧ್ಯಾಹ್ನ 3:30ಕ್ಕೆ ನಡುಭಾಗದ ತಾಪ 60 ಡಿಗ್ರಿ, 4:30ಕ್ಕೆ 51.

ಕೋಣೆಯ ತಾಪಕ್ಕಿಂತ ದಾಲ್ ಮೊದಲು 30 ಡಿಗ್ರಿ ಮೇಲಿತ್ತು, ಒಂದು ಗಂಟೆಯ ನಂತರ 21 ಡಿಗ್ರಿ ಮೇಲಿದೆ. ಅಂದರೆ ಅಂತರ ಗಂಟೆಗೆ 0.7 ಪಟ್ಟಾಗುತ್ತಿದೆ. ಇದೇ ಗತಿಯಲ್ಲಿ ಮುಂದುವರಿಸಿದರೆ 5:30ಕ್ಕೆ ಸುಮಾರು 45, 6:30ಕ್ಕೆ 40, 7:30ಕ್ಕೆ 37, 8:30ಕ್ಕೆ 35 ಡಿಗ್ರಿ. ಇದು ಅಂದಾಜು ಲೆಕ್ಕ, ಆದರೆ ಪಾತ್ರೆಯೊಳಗೆ ಏನು ನಡೆಯುತ್ತಿದೆ ಎಂಬುದು ಇದರಿಂದ ಗೊತ್ತಾಗುತ್ತದೆ.

ಪರ್ಫ್ರಿಂಜೆನ್ಸ್ ಸುಮಾರು 50 ಡಿಗ್ರಿಯವರೆಗೂ ಬೆಳೆಯಬಲ್ಲದು. 43ರಿಂದ 46 ಡಿಗ್ರಿ ಅದಕ್ಕೆ ಅಚ್ಚುಮೆಚ್ಚು, ಅಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ದ್ವಿಗುಣವಾಗುತ್ತದೆ. ನಮ್ಮ ಪಾತ್ರೆ ಇಡೀ ಸಂಜೆಯನ್ನು 50 ಮತ್ತು 35ರ ನಡುವೆಯೇ ಕಳೆದಿದೆ. ತುಸು ನಿಧಾನದ ಗತಿ ಹಿಡಿದು 15 ನಿಮಿಷಕ್ಕೊಮ್ಮೆ ದ್ವಿಗುಣ ಎಂದುಕೊಳ್ಳೋಣ. ಗ್ರಾಮಿಗೆ 100 ಕೋಶಗಳಿಂದ ಶುರುವಾದರೆ, ಸ್ಪೋರ್ ಮೊಳೆಯಲು ಹಿಡಿಯುವ ಹೊತ್ತನ್ನು ಬಿಟ್ಟು, ಮೂರು ಗಂಟೆಯಲ್ಲಿ ನಾಲ್ಕು ಲಕ್ಷ ದಾಟುತ್ತವೆ. ಇನ್ನೊಂದು ಗಂಟೆ ಬಿಟ್ಟರೆ ಅದು 65 ಲಕ್ಷ. ಹೊಟ್ಟೆ ಕೆಡಿಸಲು ಗ್ರಾಮಿಗೆ ಹತ್ತು ಲಕ್ಷದ ಆಸುಪಾಸು ಸಾಕು. ಅಪಾಯವಿಲ್ಲ ಮತ್ತು ಅಪಾಯ ಎಂಬುದರ ನಡುವಿನ ಅಂತರ ಇಲ್ಲಿ ಒಂದೇ ಗಂಟೆ. ಅದಕ್ಕೇ ಈ ಹಂತಕ್ಕೆ ಗಡಿಯಾರ ಬೇಕು, ಅಂದಾಜು ನಡೆಯುವುದಿಲ್ಲ.

ಹಲವು ಕಡೆ ಬಳಕೆಯಲ್ಲಿರುವ ಮಿತಿ ಹೀಗಿದೆ: 60 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ. ನಿಮ್ಮಲ್ಲಿನ ಕಾನೂನು ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು. ಮೊದಲ ಎರಡು ಗಂಟೆ ಬಿಗಿಯಾಗಿರಲು ಕಾರಣ ಮೇಲಿನ ಲೆಕ್ಕದಲ್ಲೇ ಇದೆ: ಬೆಳವಣಿಗೆ ಅತಿ ವೇಗವಾಗಿರುವುದು ಆ ಮೇಲಿನ ತುದಿಯಲ್ಲಿ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೋಣೆ 30 ಡಿಗ್ರಿ ಇರುವಾಗ ಹೊರಗಿಟ್ಟ ದಾಲ್ 21ಕ್ಕೆ ಎಂದಿಗೂ ಇಳಿಯುವುದಿಲ್ಲ. ಎಷ್ಟೇ ಕಾದರೂ, ಎಷ್ಟೇ ಫ್ಯಾನ್ ಹಾಕಿದರೂ ಅದು ಕೋಣೆಯ ತಾಪಕ್ಕೆ ಬಂದು ನಿಲ್ಲುತ್ತದೆ. ಆದ್ದರಿಂದ 'ಆರಲು ಬಿಡಿ' ಎಂಬುದು ಸಿಸಿಪಿಗೆ ನಿಯಂತ್ರಣ ಕ್ರಮವೇ ಅಲ್ಲ. ಐಸ್, ತಣ್ಣೀರು ಅಥವಾ ಫ್ರಿಜ್ ಬರಲೇಬೇಕು.

ತಣಿಸುವ ದಾರಿ

ಗಟ್ಟಿ ಪದಾರ್ಥದೊಳಗಿನ ಬಿಸಿ ಹೊರಬರಲು ಹಿಡಿಯುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆಳವನ್ನು 30 ಸೆಂಟಿಮೀಟರ್‌ನಿಂದ 5ಕ್ಕೆ ಇಳಿಸಿದರೆ, ಅಂದರೆ ಆರನೇ ಒಂದಂಶ ಮಾಡಿದರೆ, ಸಮಯ ಹೆಚ್ಚುಕಡಿಮೆ 36ನೇ ಒಂದಂಶಕ್ಕೆ ಇಳಿಯುತ್ತದೆ. ತೆಳು ಸಾರಿನಲ್ಲಿ ದ್ರವ ತಾನೇ ಸುತ್ತುವುದರಿಂದ ವ್ಯತ್ಯಾಸ ಇಷ್ಟಿರದು. ಆದರೆ ಅನ್ನ ಮತ್ತು ಗಟ್ಟಿ ದಾಲ್‌ನಲ್ಲಿ ಇದೇ ನಿಯಮ ಆಳುತ್ತದೆ. ಅನ್ನವನ್ನು ಅಗಲ ಟ್ರೇಗಳಲ್ಲಿ 5 ಸೆಂಟಿಮೀಟರ್ ಮೀರದಂತೆ ಹರಡಿ, ಒತ್ತದೆ ಸಡಿಲವಾಗಿ ಬಿಡಿ. ಹಬೆ ಹೋದ ಮೇಲೆ ಟ್ರೇಗಳನ್ನು ಒಂದರ ಮೇಲೊಂದು ಪೇರಿಸದೆ, ನಡುವೆ ಗಾಳಿ ಆಡುವಂತೆ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣ್ಣಗಾಗುವವರೆಗೆ ಬಿಗಿ ಮುಚ್ಚಳ ಬೇಡ.

ದಾಲ್‌ಗೆ ನನ್ನ ಆಯ್ಕೆ ಐಸ್. ಪಾತ್ರೆಯ ಹೊರಗೆ ಐಸ್ ನೀರು ಸುತ್ತಿ ಕಲಕುವುದು ಒಂದು ವಿಧ. ಅದಕ್ಕಿಂತ ವೇಗದ್ದು, ಮರುಬಳಕೆಗೆ ಇಡಲೆಂದೇ ಮಾಡುವ ದಾಲ್‌ಅನ್ನು ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಉಳಿದ ನೀರನ್ನು ಐಸ್ ರೂಪದಲ್ಲಿ ಒಳಗೇ ಹಾಕುವುದು. ಲೆಕ್ಕ ನೋಡಿ: 20 ಕಿಲೋ ದಾಲ್ 60ರಿಂದ 21ಕ್ಕೆ ಬರಬೇಕಾದರೆ ಸುಮಾರು 2,900 ಕಿಲೋಜೌಲ್ ಬಿಸಿ ಹೊರಹೋಗಬೇಕು. ಒಂದು ಕಿಲೋ ಐಸ್ ಕರಗಿ 21ಕ್ಕೆ ಏರುವಾಗ ಸುಮಾರು 420 ಕಿಲೋಜೌಲ್ ಹೀರುತ್ತದೆ. ಭಾಗಿಸಿದರೆ ಸುಮಾರು 7 ಕಿಲೋ ಐಸ್. ಹಾಗಾದರೆ ಅಡುಗೆಯಲ್ಲೇ 7 ಲೀಟರ್ ನೀರು ಕಡಿಮೆ ಹಾಕಿರಬೇಕು. ದಾಲ್ ಇನ್ನೂ 80 ಡಿಗ್ರಿ ಇರುವಾಗ ಸುರಿದರೆ 10 ಕಿಲೋಗೂ ಹೆಚ್ಚು ಬೇಕಾದೀತು. ಕಲಕುತ್ತ 60ರ ಹತ್ತಿರ ಬಂದ ಮೇಲೆ ಹಾಕಿದರೆ ಐಸ್ ಉಳಿಯುತ್ತದೆ. ಈ ಐಸ್ ಊಟಕ್ಕೇ ಸೇರುವುದರಿಂದ ಕುಡಿಯುವ ನೀರಿನದ್ದೇ ಆಗಿರಬೇಕು, ಸ್ವಚ್ಛ ಪಾತ್ರೆಯಲ್ಲೇ ಬರಬೇಕು.

ದೊಡ್ಡ ಪಾತ್ರೆಯನ್ನು ಬಿಸಿಬಿಸಿಯಾಗಿಯೇ ಫ್ರಿಜ್‌ನಲ್ಲಿ ತುರುಕಿದರೆ ಎರಡು ಕೆಡುಕು. ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಪಕ್ಕದಲ್ಲಿರುವ ಹಾಲು, ಮೊಸರು, ಹೆಚ್ಚಿದ ತರಕಾರಿಯ ತಾಪವೂ ಏರುತ್ತದೆ.

ಮಿತಿ ತಪ್ಪಿದರೆ ಏನು ಮಾಡಬೇಕು

ಯೋಜನೆಯಲ್ಲಿ ಇದನ್ನು ಮೊದಲೇ ಬರೆದಿಡಬೇಕು, ಇಲ್ಲವಾದರೆ ಸಂಜೆಯ ಗಡಿಬಿಡಿಯಲ್ಲಿ ಎಲ್ಲರೂ ಪಾತ್ರೆಯ ಪರವಾಗಿಯೇ ವಾದಿಸುತ್ತಾರೆ. ಎರಡು ಗಂಟೆ ಕಳೆದ ಮೇಲೆ ಪ್ರೋಬ್ ಥರ್ಮಾಮೀಟರ್ ಹಾಕಿದಾಗ ದಾಲ್ 21ಕ್ಕೆ ಬಂದಿಲ್ಲವೆಂದರೆ ತಕ್ಷಣ 74 ಡಿಗ್ರಿಗೆ ಮತ್ತೆ ಕಾಯಿಸಿ ಬಡಿಸಬೇಕು, ಇಲ್ಲವೇ ವೇಗದ ವಿಧಾನದಲ್ಲಿ ಒಮ್ಮೆ ಮಾತ್ರ ಮತ್ತೆ ತಣಿಸಬೇಕು. ಒಟ್ಟು ಆರು ಗಂಟೆಗೂ 5ಕ್ಕೆ ಇಳಿಯದಿದ್ದರೆ, ಅಥವಾ ಎಷ್ಟು ಹೊತ್ತಿನಿಂದ ಹೊರಗಿದೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ, ಚೆಲ್ಲಬೇಕು.

ಅನ್ನದ ವಿಷಯದಲ್ಲಿ ನಾನು ಇನ್ನೂ ಬಿಗಿ: ಎರಡು ಗಂಟೆಯ ಮಿತಿ ತಪ್ಪಿದರೆ ಚೆಲ್ಲುವುದೇ. ಏಕೆಂದರೆ ಬ್ಯಾಸಿಲಸ್ ಸೀರಿಯಸ್ ಅನ್ನದಲ್ಲಿ ಬೆಳೆಯುತ್ತ ಸೆರ್ಯುಲೈಡ್ ಎಂಬ ವಿಷವನ್ನು ಅನ್ನದೊಳಗೇ ಬಿಡುತ್ತದೆ, ಈ ವಿಷ 121 ಡಿಗ್ರಿಯಲ್ಲಿ ಒಂದು ಗಂಟೆಗೂ ಹೆಚ್ಚು ಕಾಯಿಸಿದರೂ ಹಾಳಾಗುವುದಿಲ್ಲ. ಒಗ್ಗರಣೆ ಹಾಕಿ ಹುರಿದರೂ ಅದು ಹೋಗುವುದಿಲ್ಲ. ಪರ್ಫ್ರಿಂಜೆನ್ಸ್ ಹಾಗಲ್ಲ, ಅದು ಜೀವಂತ ಕೋಶಗಳಾಗಿ ಹೊಟ್ಟೆಗೆ ಹೋದ ಮೇಲೆ ಕರುಳಿನಲ್ಲಿ ವಿಷ ಬಿಡುತ್ತದೆ, ಆ ಕೋಶಗಳು ಸರಿಯಾಗಿ ಮರುಕಾಯಿಸಿದರೆ ಸಾಯುತ್ತವೆ. ಹಾಗಾಗಿ ಮರುಕಾಯಿಸುವುದು ದಾಲ್‌ಗೆ ನಿಜವಾದ ನಿಯಂತ್ರಣ ಬಿಂದು, ಅನ್ನಕ್ಕೆ ಅದು ಅರ್ಧ ರಕ್ಷಣೆ ಮಾತ್ರ. ಪರೀಕ್ಷೆಯಲ್ಲೂ ಕೆಲಸದಲ್ಲೂ ನೆನಪಿಡಬೇಕಾದ ವ್ಯತ್ಯಾಸ ಇದು.

ಮೂಸಿ ನೋಡಿ ನಿರ್ಧರಿಸುವವರನ್ನು ತಡೆಯಿರಿ. ವಿಷ ತುಂಬಿದ ಅನ್ನ ಹಳಸಿದ ವಾಸನೆ ಕೊಡದೆ ಇರಬಹುದು. ಗ್ರಾಹಕರ ದೂರು ಬಂದಾಗ ಮಾತ್ರ ಲಕ್ಷಣಗಳು ಸುಳಿವು ಕೊಡುತ್ತವೆ: ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರುವಾದರೆ ಅನ್ನವನ್ನು ಅನುಮಾನಿಸಿ. ಸುಮಾರು 8ರಿಂದ 16 ಗಂಟೆಯ ನಂತರ ಹೊಟ್ಟೆ ಹಿಡಿದುಕೊಂಡು ಭೇದಿಯಾದರೆ ದಾಲ್‌ನ ತಣಿಸುವ ದಾಖಲೆಯನ್ನು ಮೊದಲು ತೆರೆಯಿರಿ.

ಮತ್ತೆ ಕಾಯಿಸುವುದು

ಮಿತಿ 74 ಡಿಗ್ರಿ, ಫ್ರಿಜ್‌ನಿಂದ ತೆಗೆದ ಎರಡು ಗಂಟೆಯೊಳಗೆ. ನಡುಭಾಗದಲ್ಲಿ ಅಷ್ಟಾಗಬೇಕು, ಅಂಚಿನಲ್ಲಿ ಕುದಿ ಬಂದರೆ ಸಾಲದು. ಗಟ್ಟಿ ದಾಲ್ ತಳದಲ್ಲಿ ಗುಳುಗುಳು ಎನ್ನುತ್ತಿದ್ದರೂ ಮಧ್ಯದಲ್ಲಿ 50 ಇರಬಹುದು, ಅದಕ್ಕೇ ಚೆನ್ನಾಗಿ ಕಲಕಿದ ಮೇಲೂ ಎರಡು ಮೂರು ಕಡೆ ಪ್ರೋಬ್ ಚುಚ್ಚಬೇಕು. ಬಿಸಿ ಕಾಪಾಡುವ ಹಬೆ ಕಟ್ಟೆಯಲ್ಲಿ ತಣ್ಣನೆಯ ಪಾತ್ರೆ ಇಟ್ಟು 'ತಾನೇ ಬಿಸಿಯಾಗುತ್ತದೆ' ಎಂದು ಬಿಡುವುದು ದೊಡ್ಡ ತಪ್ಪು. ಆ ಯಂತ್ರ 60ಕ್ಕಿಂತ ಮೇಲಿರುವುದನ್ನು ಹಾಗೇ ಇಡಲು ಮಾತ್ರ. ತಣ್ಣನೆಯ ಪಾತ್ರೆ ಅಲ್ಲಿ ನಿಧಾನವಾಗಿ ಬೆಚ್ಚಗಾಗುತ್ತ ಬ್ಯಾಕ್ಟೀರಿಯಾ ಬೆಳೆಯುವ ಅದೇ ಅಪಾಯದ ತಾಪಗಳನ್ನು ಮತ್ತೊಮ್ಮೆ ದಾಟುತ್ತದೆ. ಮರುಕಾಯಿಸಿ ಬಡಿಸಿದ್ದರಲ್ಲಿ ಉಳಿದದ್ದನ್ನು ಮತ್ತೆ ತಣಿಸಬೇಡಿ, ಹೊಸ ದಾಲ್‌ಗೆ ಬೆರೆಸಲೂಬೇಡಿ. ಬೆರೆಸಿದರೆ ಆ ಇಡೀ ಪಾತ್ರೆಗೆ ಹಳೆಯದರ ವಯಸ್ಸೇ ಲೆಕ್ಕ.

ದಾಖಲೆಯಲ್ಲಿ ಬೇಕಾದದ್ದು ಸ್ವಲ್ಪವೇ: ಪಾತ್ರೆಯ ಗುರುತು, 60 ಡಿಗ್ರಿ ಮುಟ್ಟಿದ ಹೊತ್ತು, ಎರಡು ಗಂಟೆಯ ಮತ್ತು ಆರು ಗಂಟೆಯ ತಾಪ, ಮಿತಿ ತಪ್ಪಿದ್ದರೆ ಮಾಡಿದ್ದೇನು, ನೋಡಿದವರ ಸಹಿ. ಒಂದು ಗಂಟೆಗೂ ಒಮ್ಮೆ ನೋಡಿದರೆ ಒಳ್ಳೆಯದು. ಆಗ ದಾಲ್ 40ರ ಆಸುಪಾಸಿಗೆ ಬರದಿದ್ದರೆ ಐಸ್ ಸೇರಿಸಲು ಇನ್ನೂ ಒಂದು ಗಂಟೆ ಕೈಯಲ್ಲಿರುತ್ತದೆ. ಪ್ರೋಬ್ ಸರಿಯಿದೆಯೇ ಎಂದು ತಿಳಿಯಲು ಪುಡಿ ಐಸ್ ಮತ್ತು ನೀರಿನ ಮಿಶ್ರಣದಲ್ಲಿ ಅದ್ದಿ, 0 ತೋರಿಸಬೇಕು. ಎರಡು ಡಿಗ್ರಿ ಹೆಚ್ಚು ತೋರಿಸುವ ಪ್ರೋಬ್ ಮರುಕಾಯಿಸಿದ ದಾಲ್‌ಅನ್ನು 74 ಎನ್ನುತ್ತದೆ, ನಿಜವಾಗಿ ಅದು 72ರಲ್ಲಿರುತ್ತದೆ.