ಒಡವೆಯ ಮೇಲಿನ ಆರು ಅಕ್ಷರ: ಹಣ ಕೊಡುವ ಮುಂಚೆ ನೋಡುವುದು ಹೇಗೆ?

ಪ್ರಶ್ನೆ: ತಂಗಿ ಮದುವೆಗೆ ಸರ ನೋಡಿ ಬಂದಿದ್ದೇವೆ. ಅಂಗಡಿಯವರು ಕೊಂಡಿ ಹತ್ತಿರ ಒಂದು ನಂಬರ್ ತೋರಿಸಿ, ‘ಹಾಲ್‌ಮಾರ್ಕ್ ಇದೆ, ಚಿಂತೆ ಬೇಡ’ ಎಂದರು. ಆ್ಯಪ್‌ನಲ್ಲಿ ಹಾಕಿದರೆ ಬೇರೆ ಯಾರದೋ ಹೆಸರು ಬರುತ್ತಿದೆ. ಇದು ಮೋಸವಾ?

ಉತ್ತರ: ಹೆಸರು ಬೇರೆ ಬಂದ ಮಾತ್ರಕ್ಕೆ ಮೋಸ ಅನ್ನೋಕಾಗಲ್ಲ. ಆ ನಂಬರಿನ ಜೊತೆ ತೆರೆಯ ಮೇಲೆ ಇನ್ನೇನು ಬಂತು ಅನ್ನೋದನ್ನೂ ನೋಡಬೇಕು.

ಮೊದಲು ಒಡವೆಯನ್ನೇ ನೋಡೋಣ. ಈಗ ಅದರ ಮೇಲೆ ಮೂರು ಗುರುತು ಇರಬೇಕು: ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ತ್ರಿಕೋನದ ಚಿಹ್ನೆ, 22K916 ಎಂಬಂಥ ಶುದ್ಧತೆಯ ಗುರುತು, ಮತ್ತು ಅಕ್ಷರ, ಅಂಕಿ ಬೆರೆತ ಆರು ಸ್ಥಾನದ ಸಂಖ್ಯೆ. ಈ ಆರರ ಸಂಖ್ಯೆಯೇ ಎಚ್‌ಯುಐಡಿ. ಒಂದು ಒಡವೆಗೆ ಕೊಟ್ಟ ಸಂಖ್ಯೆ ಇನ್ನೊಂದಕ್ಕೆ ಇರುವುದಿಲ್ಲ. 2023ರ ಏಪ್ರಿಲ್ 1ರಿಂದ ಇದಿಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಇದು ಕಡ್ಡಾಯವಲ್ಲ. ಹಾಗಾಗಿ ಸಣ್ಣ ಮೂಗುಬೊಟ್ಟಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಅಮ್ಮನ ಕಾಲದ ಬಳೆಗಳಲ್ಲೂ ಇರುವುದಿಲ್ಲ, ಅದೂ ತಪ್ಪಲ್ಲ.

ಬರಿಗಣ್ಣಿಗೆ ಈ ಅಕ್ಷರ ಕಾಣೋದು ಕಷ್ಟ. ಅಂಗಡಿಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇರಲೇಬೇಕು, ಕೇಳಿ ತೆಗೆದುಕೊಳ್ಳಿ. ಅಂಗಡಿಯವರು ಬಾಯಲ್ಲಿ ಹೇಳಿದ ಅಥವಾ ಚೀಟಿಯಲ್ಲಿ ಬರೆದುಕೊಟ್ಟ ನಂಬರ್ ಬೇಡ. ಒಡವೆಯ ಮೇಲಿರುವುದನ್ನು ನೀವೇ ಓದಿ, ನಿಮ್ಮ ಫೋನಿನಲ್ಲೇ BIS CARE ಆ್ಯಪ್ ತೆರೆದು Verify HUID ಒತ್ತಿ ಹಾಕಿ. 8 ಮತ್ತು B ಒಂದೇ ಥರ ಕಾಣುತ್ತವೆ. ಆದ್ದರಿಂದ ಏನೂ ಬರಲಿಲ್ಲ ಅಂದರೆ ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ಆಗಲೂ ಬರಲಿಲ್ಲ ಅಂದರೆ ಆ ಒಡವೆ ತೆಗೆದುಕೊಳ್ಳಬೇಡಿ.

ವಿವರ ಬಂದರೆ ಮೊದಲು ನೋಡಬೇಕಾದದ್ದು ಒಡವೆ ಯಾವುದು ಅನ್ನೋದನ್ನು. ಇದನ್ನೇ ಜನ ಜಾಸ್ತಿ ಬಿಟ್ಟುಬಿಡುತ್ತಾರೆ. ಅತ್ತಿಗೆಗೆ ಬಳೆ ತೆಗೆಯಲು ನಾವು ಒಂದು ಅಂಗಡಿಗೆ ಹೋಗಿದ್ದೆವು. ನಂಬರ್ ಹಾಕಿದ ಕೂಡಲೇ ಶುದ್ಧತೆ 22 ಕ್ಯಾರೆಟ್ ಎಂದು ಬಂತು. ಅತ್ತಿಗೆ ಖುಷಿಯಿಂದ ಕಾರ್ಡ್ ತೆಗೆದರು. ಕೆಳಗಿನ ಸಾಲು ನೋಡಿದರೆ ಒಡವೆ ‘ಉಂಗುರ’ ಎಂದಿತ್ತು! ಕೈಯಲ್ಲಿರೋದು ಬಳೆ. ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ, ನಾವು ಎದ್ದು ಬಂದೆವು. ಒಂದು ಅಸಲಿ ನಂಬರನ್ನು ಇನ್ನೊಂದು ಒಡವೆಯ ಮೇಲೆ ನಕಲು ಮಾಡಿ ಕೆತ್ತಿದರೆ ಆ್ಯಪ್ ಆ ನಂಬರ್ ಇದೆ ಎಂದೇ ಹೇಳುತ್ತದೆ, ಅಲ್ವಾ? ಅದಕ್ಕೇ ಒಡವೆಯ ಬಗೆ ಮತ್ತು ಶುದ್ಧತೆ ಎರಡನ್ನೂ ಕೈಯಲ್ಲಿರುವುದರ ಜೊತೆ ಹೊಂದಿಸಿ ನೋಡಬೇಕು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ಆ್ಯಪ್‌ನಲ್ಲಿ ಬರುವುದು ಆ ಒಡವೆಗೆ ಹಾಲ್‌ಮಾರ್ಕ್ ಮಾಡಿಸಿದವರ ಹೆಸರು. ಎಷ್ಟೋ ಅಂಗಡಿಯವರು ಒಡವೆಯನ್ನು ತಯಾರಕರಿಂದಲೋ ಸಗಟು ವ್ಯಾಪಾರಿಗಳಿಂದಲೋ ತರುತ್ತಾರೆ. ಅವರು ಮೊದಲೇ ಮಾಡಿಸಿದ್ದರೆ ಅವರ ಹೆಸರೇ ಕಾಣುತ್ತದೆ. ‘ಇದು ಯಾರಿಂದ ಬಂದದ್ದು?’ ಎಂದು ಕೇಳಿ. ಅವರು ಹೇಳುವ ಹೆಸರು ತೆರೆಯ ಮೇಲಿನದಕ್ಕೆ ಹೊಂದಿದರೆ, ಉಳಿದ ವಿವರವೂ ಸರಿಯಿದ್ದರೆ ಯೋಚನೆ ಇಲ್ಲ.

ಎಚ್‌ಯುಐಡಿ ಹೇಳುವುದು ಶುದ್ಧತೆಯನ್ನು. ತೂಕವನ್ನು ನೀವೇ ಎದುರಿಗೆ ಹಾಕಿಸಿ ನೋಡಬೇಕು. ಕಲ್ಲಿನ ಒಡವೆಯಾದರೆ ಕಲ್ಲಿನ ತೂಕ ಕಳೆದು ಬರೀ ಚಿನ್ನದ್ದು ಎಷ್ಟು ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಶುದ್ಧತೆ ಮತ್ತು ಹಾಲ್‌ಮಾರ್ಕ್ ಶುಲ್ಕವೂ ಬೇರೆಯಾಗಿ ಇರಲಿ. ಆ ಶುಲ್ಕ ಒಂದು ಚಿನ್ನದ ಒಡವೆಗೆ 45 ರೂಪಾಯಿ, ಮೇಲೆ ಜಿಎಸ್‌ಟಿ. ‘ಹಾಲ್‌ಮಾರ್ಕ್ ಖರ್ಚು’ ಎಂದು ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಕೊಂಡ ಮೇಲೆ ಅನುಮಾನ ಬಂದರೆ ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ನೀವೇ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆಯವರೆಗೆ 200 ರೂಪಾಯಿ. ನಿಮ್ಮ ಸರ 20 ಗ್ರಾಂ ಎಂದುಕೊಳ್ಳಿ. ಗುರುತು 916 ಇದ್ದು, ಪರೀಕ್ಷೆಯಲ್ಲಿ 876 ಬಂತು. ಸಾವಿರಕ್ಕೆ 40 ಭಾಗ ಕಡಿಮೆ, ಅಂದರೆ ಸರದಲ್ಲಿ 0.8 ಗ್ರಾಂ ಚಿನ್ನ ಇಲ್ಲ. ಲೆಕ್ಕಕ್ಕೆ ಸುಲಭವಾಗಲಿ ಎಂದು ಗ್ರಾಂಗೆ 10,000 ರೂಪಾಯಿ ಹಿಡಿದರೆ 8,000 ರೂಪಾಯಿ ವ್ಯತ್ಯಾಸ. ಬಿಐಎಸ್ ನಿಯಮದ ಪ್ರಕಾರ ಅದರ ಎರಡರಷ್ಟು, ಅಂದರೆ 16,000 ರೂಪಾಯಿ, ಜೊತೆಗೆ ಪರೀಕ್ಷೆಯ ಖರ್ಚು ನಿಮಗೆ ಸಿಗಬೇಕು. ಅದನ್ನು ಕೇಳಲು ಬಿಲ್ ಬೇಕು. ಹಾಗಾಗಿ ‘ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಬಿಡ್ತೀವಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.