ರಿಪೀಟಬಲ್ ರೀಡ್: ಒಂದೇ ಹೆಸರಿನಡಿ ಬೆಳೆದ ಎರಡು ಅರ್ಥಗಳು

ಒಂದು ಗುಂಪಿಗೆ ಇಬ್ಬರು ಅಡ್ಮಿನ್‌ಗಳಿದ್ದಾರೆ, ಲತಾ ಮತ್ತು ರವಿ. ಗುಂಪಿನಲ್ಲಿ ಕನಿಷ್ಠ ಒಬ್ಬ ಅಡ್ಮಿನ್ ಇರಲೇಬೇಕೆಂಬುದು ನಿಯಮ. ಇಬ್ಬರೂ ಒಂದೇ ಕ್ಷಣದಲ್ಲಿ ಅಡ್ಮಿನ್ ಸ್ಥಾನ ಬಿಡಲು ಗುಂಡಿ ಒತ್ತುತ್ತಾರೆ. ಇಬ್ಬರ ಟ್ರಾನ್ಸಾಕ್ಷನ್‌ಗಳೂ ಮೊದಲು ಅಡ್ಮಿನ್‌ಗಳನ್ನು ಎಣಿಸುತ್ತವೆ, ಎರಡು ಎಂದು ಕಾಣುತ್ತವೆ, ಆಮೇಲೆ ತಮ್ಮ ತಮ್ಮ ಸಾಲನ್ನು ಬದಲಿಸುತ್ತವೆ. ಲತಾಳ ಟ್ರಾನ್ಸಾಕ್ಷನ್ ಹೀಗಿರುತ್ತದೆ:

```sql
BEGIN ISOLATION LEVEL REPEATABLE READ;
SELECT count(*) FROM sadasya
 WHERE gumpu = 7 AND admin;      -- 2
UPDATE sadasya SET admin = false
 WHERE gumpu = 7 AND hesaru = 'lata';
COMMIT;
```

ಒಂದೇ ಹೊತ್ತಿಗೆ ನಡೆಯುವ ಟ್ರಾನ್ಸಾಕ್ಷನ್‌ಗಳು ಒಂದನ್ನೊಂದು ಎಷ್ಟು ಕಾಣಬಹುದು ಎಂದು ನಿರ್ಧರಿಸುವುದು ಐಸೋಲೇಷನ್ ಮಟ್ಟ, ಇಲ್ಲಿ ಅದು ರಿಪೀಟಬಲ್ ರೀಡ್. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಎರಡೂ ಟ್ರಾನ್ಸಾಕ್ಷನ್‌ಗಳು ಯಶಸ್ವಿಯಾಗಿ ಕಮಿಟ್ ಆಗುತ್ತವೆ. ಗುಂಪಿನಲ್ಲಿ ಒಬ್ಬ ಅಡ್ಮಿನ್ ಕೂಡ ಉಳಿಯುವುದಿಲ್ಲ, ಲಾಗ್‌ನಲ್ಲಿ ಒಂದು ದೋಷದ ಸಾಲೂ ಇರುವುದಿಲ್ಲ. ಇದೇ ಕೆಲಸವನ್ನು ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಇದೇ ಹೆಸರಿನ ಮಟ್ಟದಲ್ಲಿ ಮಾಡಿದರೆ ಡೆಡ್‌ಲಾಕ್ ಉಂಟಾಗುತ್ತದೆ. ಒಂದು ಟ್ರಾನ್ಸಾಕ್ಷನ್ 1205 ಎಂಬ ದೋಷಸಂಖ್ಯೆಯೊಂದಿಗೆ ರದ್ದಾಗುತ್ತದೆ, ನಿಯಮ ಉಳಿಯುತ್ತದೆ. ಮಟ್ಟದ ಹೆಸರು ಒಂದೇ, ಫಲಿತಾಂಶ ಬೇರೆ. ಇದು ಹೇಗಾಯಿತು ಎಂದು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು.

1976ರಲ್ಲಿ ಜಿಮ್ ಗ್ರೇ ಮತ್ತು ಐಬಿಎಂನ ಸಹೋದ್ಯೋಗಿಗಳು ಸುಸಂಗತತೆಯನ್ನು ಡಿಗ್ರಿಗಳಾಗಿ ವಿಂಗಡಿಸಿದಾಗ ಅವರ ಕಣ್ಣಮುಂದೆ ಇದ್ದದ್ದು ಲಾಕ್. ಓದುವವರು ಲಾಕ್ ಹಿಡಿಯಬೇಕೇ, ಹಿಡಿದರೆ ಎಷ್ಟು ಹೊತ್ತು ಎಂಬುದೇ ಪ್ರಶ್ನೆ. ಮುಂದೆ 1992ರ ಎಸ್‌ಕ್ಯುಎಲ್ ಮಾನದಂಡವು ಲಾಕ್‌ನ ಮಾತನ್ನೇ ಬಿಟ್ಟು, ನಡೆಯಬಾರದ ಮೂರು ಘಟನೆಗಳ ಮೂಲಕ ಮಟ್ಟಗಳನ್ನು ವಿವರಿಸಿತು. ಇನ್ನೂ ಕಮಿಟ್ ಆಗದ ಮಾಹಿತಿಯನ್ನು ಓದುವುದು ಡರ್ಟಿ ರೀಡ್. ಒಮ್ಮೆ ಓದಿದ ಸಾಲನ್ನು ಮತ್ತೆ ಓದುವಾಗ ಬೆಲೆ ಬದಲಾಗಿರುವುದು ಎರಡನೆಯದು. ಅದೇ ಷರತ್ತಿನ ಹುಡುಕಾಟವನ್ನು ಮರಳಿ ನಡೆಸಿದಾಗ ಹೊಸ ಸಾಲು ಕಾಣಿಸಿಕೊಳ್ಳುವುದು ಮೂರನೆಯದು, ಫ್ಯಾಂಟಮ್. ರೀಡ್ ಕಮಿಟೆಡ್ ಮೊದಲನೆಯದನ್ನು ಮಾತ್ರ ತಡೆಯುತ್ತದೆ, ರಿಪೀಟಬಲ್ ರೀಡ್ ಮೊದಲೆರಡನ್ನು, ಸೀರಿಯಲೈಸಬಲ್ ಮೂರನ್ನೂ.

ಸೀರಿಯಲೈಸಬಲ್ ಎಂದರೆ ಟ್ರಾನ್ಸಾಕ್ಷನ್‌ಗಳನ್ನು ಒಂದಾದ ಮೇಲೊಂದರಂತೆ ನಡೆಸಿದಾಗ ಬರುವ ಫಲಿತಾಂಶವೇ ಬರಬೇಕು ಎಂದೂ ಮಾನದಂಡ ಬರೆದಿತ್ತು. ಆದರೆ ಜನರ ಕಣ್ಣಿಗೆ ಬಿದ್ದದ್ದು ಯಾವ ಮಟ್ಟ ಯಾವ ಘಟನೆಯನ್ನು ತಡೆಯುತ್ತದೆ ಎಂಬ ಕೋಷ್ಟಕ. ಮೂರು ಘಟನೆಗಳನ್ನು ತಡೆದರೆ ಸಾಕು, ಸೀರಿಯಲೈಸಬಲ್ ಆಯಿತು ಎಂಬ ಓದು ಅಲ್ಲಿಂದ ಹುಟ್ಟಿತು. ಆ ಓದು ತಪ್ಪು ಎಂದು ಮೂರೇ ವರ್ಷಗಳಲ್ಲಿ, 1995ರಲ್ಲಿ, ಗ್ರೇ ಅವರೂ ಇದ್ದ ಆರು ಲೇಖಕರ ಪ್ರಬಂಧವೊಂದು ತೋರಿಸಿತು.

ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ಲಾಕ್ ಹಿಡಿಯುವ ಬದಲು ಸಾಲಿನ ಹಳೆಯ ಆವೃತ್ತಿಗಳನ್ನು ಉಳಿಸಿಕೊಂಡು, ಪ್ರತಿ ಟ್ರಾನ್ಸಾಕ್ಷನ್‌ಗೂ ಅದು ಶುರುವಾದ ಹೊತ್ತಿನ ಚಿತ್ರವನ್ನೇ ಕೊನೆಯವರೆಗೆ ತೋರಿಸುವ ವಿಧಾನವದು. ಇದಕ್ಕೆ ಸ್ನ್ಯಾಪ್‌ಶಾಟ್ ಐಸೋಲೇಷನ್ ಎಂದು ಹೆಸರಿಟ್ಟದ್ದು ಅದೇ ಪ್ರಬಂಧ. ಇದರಲ್ಲಿ ಡರ್ಟಿ ರೀಡ್ ಇಲ್ಲ, ಓದು ಬದಲಾಗುವುದಿಲ್ಲ, ಅದೇ ಹುಡುಕಾಟದಲ್ಲಿ ಹೊಸ ಸಾಲು ಕಾಣುವುದೂ ಇಲ್ಲ. ಕೋಷ್ಟಕದ ಲೆಕ್ಕದಲ್ಲಿ ಎಲ್ಲ ಪರೀಕ್ಷೆಯಲ್ಲೂ ಪಾಸು. ಆದರೂ ಲತಾ, ರವಿಯ ಪ್ರಕರಣ ಇಲ್ಲಿ ನಡೆದೇ ನಡೆಯುತ್ತದೆ. ಇಬ್ಬರೂ ಒಂದೇ ಹಳೆಯ ಚಿತ್ರವನ್ನು ನೋಡಿ ಬೇರೆ ಬೇರೆ ಸಾಲುಗಳನ್ನು ಬರೆದಿರುವುದರಿಂದ ಬರಹಗಳು ಎಲ್ಲೂ ಡಿಕ್ಕಿ ಹೊಡೆಯುವುದಿಲ್ಲ. ಇದರ ಹೆಸರು ರೈಟ್ ಸ್ಕ್ಯೂ.

ಲಾಕ್ ಆಧಾರಿತ ರಿಪೀಟಬಲ್ ರೀಡ್‌ನಲ್ಲಿ ಇದು ನಡೆಯುವುದಿಲ್ಲ. ಓದಿದ ಎರಡೂ ಸಾಲುಗಳ ಮೇಲೆ ಇಬ್ಬರೂ ಹಂಚಿಕೆಯ ಲಾಕ್ ಹಿಡಿದಿರುತ್ತಾರೆ, ಬರೆಯಲು ಇಬ್ಬರಿಗೂ ಇನ್ನೊಬ್ಬರ ಲಾಕ್ ಬಿಡುಗಡೆಯಾಗಬೇಕು, ಆದ್ದರಿಂದ ಡೆಡ್‌ಲಾಕ್. ಆದರೆ ಅಲ್ಲಿ ಬೇರೊಂದು ಬಾಗಿಲು ತೆರೆದಿದೆ. ಲಾಕ್ ಬೀಳುವುದು ಈಗಾಗಲೇ ಇರುವ ಸಾಲುಗಳ ಮೇಲೆ. ಎಣಿಕೆಯ ನಡುವೆ ಮೂರನೆಯವರೊಬ್ಬರು ಹೊಸ ಅಡ್ಮಿನ್ ಆಗಿ ಸೇರಿದರೆ ಮರು ಎಣಿಕೆಯಲ್ಲಿ ಮೂರು ಎಂದು ಬರುತ್ತದೆ. ಒಂದು ವಿಧಾನ ಫ್ಯಾಂಟಮ್ ಬಿಟ್ಟು ಸ್ಕ್ಯೂ ತಡೆಯುತ್ತದೆ, ಇನ್ನೊಂದು ಸ್ಕ್ಯೂ ಬಿಟ್ಟು ಫ್ಯಾಂಟಮ್ ತಡೆಯುತ್ತದೆ. ಇವೆರಡರಲ್ಲಿ ಯಾವುದೂ ಮೇಲಲ್ಲ, ಯಾವುದೂ ಕೆಳಗಲ್ಲ. ಹೀಗಿದ್ದೂ ಎರಡಕ್ಕೂ ಒಂದೇ ಹೆಸರಿನ ಫಲಕ ಹಾಕಲು ಮಾನದಂಡದ ಭಾಷೆ ಅವಕಾಶ ಕೊಟ್ಟಿತು. ಮೆಟ್ಟಿಲುಗಳ ಚಿತ್ರ ಇಲ್ಲಿಗೆ ಹೊಂದುವುದೇ ಇಲ್ಲ. ಆದರೂ ಇಂದಿಗೂ ಅದನ್ನು ಮೆಟ್ಟಿಲುಗಳೆಂದೇ ಕಲಿಸಲಾಗುತ್ತಿದೆ.

ಮೈಎಸ್‌ಕ್ಯುಎಲ್‌ನ ಇನ್ನೋಡಿಬಿಯಲ್ಲಿ ರಿಪೀಟಬಲ್ ರೀಡ್ ಪೂರ್ವನಿಯೋಜಿತ ಮಟ್ಟ. ಅಲ್ಲಿ ಸರಳ `SELECT` ಹಳೆಯ ಚಿತ್ರವನ್ನು ನೋಡುತ್ತದೆ, `UPDATE` ಮಾತ್ರ ಈಗಿನ ಸಾಲನ್ನು ನೋಡುತ್ತದೆ. ಖಾತೆಯಲ್ಲಿ 100 ಇದೆ ಎಂದು ಇಬ್ಬರು ಓದಿ, ಪ್ರೋಗ್ರಾಮ್‌ನಲ್ಲಿ 10 ಕೂಡಿಸಿ, ಇಬ್ಬರೂ 110 ಎಂದು ಬರೆದರೆ, 120 ಆಗಬೇಕಾದದ್ದು 110ರಲ್ಲೇ ನಿಲ್ಲುತ್ತದೆ. ಇದು ಲಾಸ್ಟ್ ಅಪ್‌ಡೇಟ್. ಪೋಸ್ಟ್‌ಗ್ರೆಸ್‌ನ ಇದೇ ಮಟ್ಟದಲ್ಲಿ ಎರಡನೆಯವರಿಗೆ `could not serialize access due to concurrent update` ಎಂಬ ದೋಷ ಬರುತ್ತದೆ. ನನ್ನ ಮಟ್ಟಿಗೆ ಹೀಗೆ ದೋಷ ಬರುವುದೇ ಮೇಲು, ಸದ್ದಿಲ್ಲದೆ ಕಳೆದುಹೋದ 10ನ್ನು ಆಮೇಲೆ ಹುಡುಕುವುದು ಬಹಳ ಕಷ್ಟ.

ರೀಡ್ ಕಮಿಟೆಡ್‌ನಲ್ಲಿ ಡರ್ಟಿ ರೀಡ್ ಒಂದನ್ನು ಬಿಟ್ಟು ಇವೆಲ್ಲವೂ ಸಾಧ್ಯ. ಪೋಸ್ಟ್‌ಗ್ರೆಸ್, ಒರಾಕಲ್, ಎಸ್‌ಕ್ಯುಎಲ್ ಸರ್ವರ್ ಮೂರಕ್ಕೂ ಅದೇ ಪೂರ್ವನಿಯೋಜಿತ. ಮಾನದಂಡ ಹೇಳಿದ್ದು ಸೀರಿಯಲೈಸಬಲ್ ಅನ್ನು! ಇಲ್ಲಿ ಅಡ್ಮಿನ್ ಪ್ರಕರಣವನ್ನು ಕೈಯಾರೆ ತಡೆಯಬೇಕಾಗುತ್ತದೆ. ಎಣಿಸುವ ಬದಲು ಅಡ್ಮಿನ್ ಸಾಲುಗಳನ್ನೇ `SELECT ... FOR UPDATE` ಎಂದು ಓದಬೇಕು. ಆಗ ರವಿಯ ಟ್ರಾನ್ಸಾಕ್ಷನ್ ಲತಾಳದು ಮುಗಿಯುವವರೆಗೆ ಕಾಯುತ್ತದೆ, ಬಳಿಕ ಪೋಸ್ಟ್‌ಗ್ರೆಸ್ ಷರತ್ತನ್ನು ಮತ್ತೆ ಪರಿಶೀಲಿಸಿ ಲತಾಳ ಸಾಲನ್ನು ಕೈಬಿಡುತ್ತದೆ. ರವಿಗೆ ತನ್ನ ಸಾಲು ಮಾತ್ರ ಕಾಣುವುದರಿಂದ ಪ್ರೋಗ್ರಾಮ್ ಅವನನ್ನು ತಡೆಯಬಹುದು. ಆದರೆ ಈ ಉಪಾಯಕ್ಕೂ ಮಿತಿಯಿದೆ. ಒಂದೇ ಕೋಣೆಯನ್ನು 10ರಿಂದ 11ಕ್ಕೆ ಒಬ್ಬರು, 10:30ರಿಂದ 11:30ಕ್ಕೆ ಇನ್ನೊಬ್ಬರು ಕಾಯ್ದಿರಿಸುತ್ತಿದ್ದರೆ ಲಾಕ್ ಹಿಡಿಯಲು ಸಾಲೇ ಇನ್ನೂ ಹುಟ್ಟಿಲ್ಲ. ಆಗ ಕೋಣೆಯ ಸಾಲನ್ನೇ ಲಾಕ್ ಮಾಡಬೇಕು, ಇಲ್ಲವೇ ಮೇಲಿನ ಮಟ್ಟಕ್ಕೆ ಹೋಗಬೇಕು.

ಮೇಲಿನ ಮಟ್ಟದ ಹೆಸರನ್ನೂ ಪರೀಕ್ಷಿಸದೆ ನಂಬುವಂತಿಲ್ಲ. ಒರಾಕಲ್‌ನಲ್ಲಿ ಸೀರಿಯಲೈಸಬಲ್ ಎಂದು ಬರೆದರೆ ಸಿಗುವುದು ಸ್ನ್ಯಾಪ್‌ಶಾಟ್ ಐಸೋಲೇಷನ್, ಅಡ್ಮಿನ್‌ಗಳಿಬ್ಬರೂ ಹೊರಟುಹೋಗುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲೂ 2011ರ 9.1 ಆವೃತ್ತಿಯವರೆಗೆ ಹಾಗೆಯೇ ಇತ್ತು. ಆ ಆವೃತ್ತಿಯಲ್ಲಿ ಹಳೆಯ ನಡವಳಿಕೆ ರಿಪೀಟಬಲ್ ರೀಡ್ ಎಂಬ ಹೆಸರಿಗೆ ಇಳಿಯಿತು. ಸೀರಿಯಲೈಸಬಲ್ ಎಂಬ ಹೆಸರಿಗೆ ಮೈಕೆಲ್ ಕಾಹಿಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ತಂತ್ರ ಬಂತು. ಅದು ಓದಿದ ಕಾರಣಕ್ಕೆ ಯಾರನ್ನೂ ಕಾಯಿಸುವುದಿಲ್ಲ. ಯಾರು ಏನನ್ನು ಓದಿದರು ಎಂದು ಗುರುತಿಟ್ಟುಕೊಂಡು, ಒಬ್ಬರು ಓದಿದ್ದನ್ನು ಇನ್ನೊಬ್ಬರು ಬರೆದ ಅಪಾಯಕಾರಿ ಸರಪಳಿ ಕಂಡರೆ ಒಂದು ಟ್ರಾನ್ಸಾಕ್ಷನ್ ಅನ್ನು `40001` ಸಂಕೇತದೊಂದಿಗೆ ರದ್ದು ಮಾಡುತ್ತದೆ. ಈ ಗುರುತು ಕೆಲವೊಮ್ಮೆ ಸ್ಥೂಲವಾಗಿರುತ್ತದೆ. ಸೂಚಿಯಿಲ್ಲದೆ ಇಡೀ ಕೋಷ್ಟಕವನ್ನು ಓದಿದರೆ ಇಡೀ ಕೋಷ್ಟಕವೇ ಗುರುತಾಗಿ, ನಿಜವಾದ ತೊಂದರೆಯಿಲ್ಲದಿದ್ದರೂ ರದ್ದತಿ ಹೆಚ್ಚುತ್ತದೆ. ಪಾಲ್ಗೊಳ್ಳುವ ಎಲ್ಲ ಟ್ರಾನ್ಸಾಕ್ಷನ್‌ಗಳೂ ಇದೇ ಮಟ್ಟದಲ್ಲಿರಬೇಕು. ಲತಾಳದು ಸೀರಿಯಲೈಸಬಲ್, ರವಿಯದು ರೀಡ್ ಕಮಿಟೆಡ್ ಆಗಿದ್ದರೆ ರವಿಯ ಓದಿನ ಗುರುತೇ ಇರುವುದಿಲ್ಲ, ಇಬ್ಬರೂ ಮತ್ತೆ ಹೊರಟುಹೋಗುತ್ತಾರೆ.

`40001` ಬಂದಾಗ ಕೊನೆಯ `UPDATE` ಅನ್ನಷ್ಟೇ ಮರಳಿ ಕಳಿಸಿದರೆ ಪ್ರಯೋಜನವಿಲ್ಲ. ಎಣಿಕೆಯಿಂದಲೇ ಪುನಃ ಶುರುಮಾಡಬೇಕು. ಆಗಷ್ಟೇ ರವಿಗೆ ಎರಡರ ಬದಲು ಒಂದು ಕಾಣುತ್ತದೆ, ಅವನು ಉಳಿದುಕೊಳ್ಳಬೇಕಾಗುತ್ತದೆ. ನೀವು ಇನ್ನು ಅಡ್ಮಿನ್ ಅಲ್ಲ ಎಂಬ ಇಮೇಲ್ ಕಮಿಟ್‌ಗೆ ಮೊದಲೇ ಅವನಿಗೆ ಹೋಗಿದ್ದರೆ, ಅದನ್ನು ಯಾವ ಐಸೋಲೇಷನ್ ಮಟ್ಟವೂ ಹಿಂದಕ್ಕೆ ಕರೆಯಲಾರದು.