ತೂಕ ಇಳಿಯುತ್ತಿದೆ, ಬಲವೂ ಇಳಿಯುತ್ತಿದೆ: ಕಾರಣ ನಿದ್ದೆಯೇ?

ಪ್ರಶ್ನೆ: ಕೆಲವು ತಿಂಗಳಿಂದ ಅಳೆದು ಊಟ ಮಾಡುತ್ತಿದ್ದೇನೆ, ಜಿಮ್ ತಪ್ಪಿಸಿಲ್ಲ. ತೂಕ ಇಳಿದಿದೆ. ಆದರೆ ಸೊಂಟದ ಸುತ್ತಳತೆ ಅಷ್ಟೇ ಇದೆ, ಮೊದಲು ಎತ್ತುತ್ತಿದ್ದ ಭಾರ ಈಗ ಏಳುತ್ತಿಲ್ಲ. ಪ್ರೋಟೀನ್‌ಗೆ ಕೊರತೆಯಿಲ್ಲ. ಮಲಗುವುದು ಐದೂವರೆ ಗಂಟೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಇರುವ ಸಾಧ್ಯತೆ ಹೆಚ್ಚು. ನಿಮ್ಮಂಥದ್ದೇ ಸ್ಥಿತಿಯನ್ನು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ್ದರು. ಅಧಿಕ ತೂಕದ ಹತ್ತು ಮಂದಿಗೆ ಎರಡು ವಾರ ಕಡಿಮೆ ಕ್ಯಾಲೊರಿಯ ಊಟ ಕೊಟ್ಟು, ರಾತ್ರಿ ಎಂಟೂವರೆ ಗಂಟೆ ಮಲಗಲು ಬಿಟ್ಟರು. ಮತ್ತೊಂದು ಸರದಿಯಲ್ಲಿ ಅದೇ ಜನ, ಅಷ್ಟೇ ಕ್ಯಾಲೊರಿಯ ಊಟ, ಹಾಸಿಗೆಯಲ್ಲಿ ಮಾತ್ರ ಐದೂವರೆ ಗಂಟೆ. ಎರಡೂ ಸಲ ಸುಮಾರು ಮೂರು ಕಿಲೊ ಇಳಿಯಿತು. ತಕ್ಕಡಿಯನ್ನಷ್ಟೇ ನಂಬುವವರಿಗೆ ಇಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಹೆಚ್ಚು ಮಲಗಿದಾಗ ಕರಗಿದ ಕೊಬ್ಬು 1.4 ಕಿಲೊ, ಕಡಿಮೆ ಮಲಗಿದಾಗ 0.6 ಕಿಲೊ. ಉಳಿದದ್ದು ಕೊಬ್ಬಲ್ಲದ ಭಾಗದಿಂದ, ಅಂದರೆ ಸ್ನಾಯು, ನೀರು ಮುಂತಾದವುಗಳಿಂದ ಹೋಗಿತ್ತು.

ಈ ಅಂಕಿಗಳನ್ನು ಹಾಗೆಯೇ ನಿಮಗೆ ಅಂಟಿಸಲಾಗದು. ಅದು ಚಿಕ್ಕ ಪ್ರಯೋಗ, ಅವರು ಭಾರ ಎತ್ತುತ್ತಿರಲಿಲ್ಲ. ವ್ಯಾಯಾಮ ಸ್ನಾಯುವನ್ನು ಸಾಕಷ್ಟು ಕಾಯುತ್ತದೆ. ಆದರೂ ನಿದ್ದೆಗೆಟ್ಟಾಗ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸವೇ ನಿಧಾನವಾಗುತ್ತದೆ ಎಂದು ಬೇರೆ ಅಧ್ಯಯನಗಳು ತೋರಿಸಿವೆ. ಪ್ರೋಟೀನ್ ತಿಂದೂ ಫಲ ಪೂರ್ತಿ ಸಿಗದಿರುವುದು ಹೀಗೆ.

ಹಸಿವಿನ ಕಥೆ ಇನ್ನೂ ನೇರ. ಆ ಪ್ರಯೋಗದಲ್ಲಿ ಕಡಿಮೆ ಮಲಗಿದ ದಿನಗಳಲ್ಲಿ ಹಸಿವೂ ಹೆಚ್ಚಿತ್ತು, ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನೂ ಹೆಚ್ಚಿತ್ತು. 2022ರ ಇನ್ನೊಂದು ಅಧ್ಯಯನದಲ್ಲಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದವರ ನಿದ್ದೆಯನ್ನು ಸುಮಾರು ಒಂದು ಗಂಟೆಗೂ ಹೆಚ್ಚು ಬೆಳೆಸಿದಾಗ, ಡಯಟ್ ಮಾಡಿ ಎಂದು ಯಾರೂ ಹೇಳದೆಯೇ ಅವರ ಆಹಾರ ದಿನಕ್ಕೆ ಸುಮಾರು 270 ಕ್ಯಾಲೊರಿಯಷ್ಟು ಇಳಿಯಿತು.

ನಿಮ್ಮ ವಿಷಯದಲ್ಲಿ ನಿದ್ದೆಯೇ ಕಾರಣವೇ ಎಂದು ತಿಳಿಯಲು ಊಟ, ವ್ಯಾಯಾಮ ಎರಡನ್ನೂ ಮುಟ್ಟದೆ ಮೂರು ವಾರ ಒಂದೂವರೆ ಗಂಟೆ ಬೇಗ ಮಲಗಿ. ಏಳುವ ಹೊತ್ತು ಬದಲಿಸಬೇಡಿ. ಕಾಫಿಯನ್ನು ಮಧ್ಯಾಹ್ನಕ್ಕೇ ನಿಲ್ಲಿಸಿ, ಏಕೆಂದರೆ ಐದಾರು ಗಂಟೆಯ ನಂತರವೂ ಅರ್ಧದಷ್ಟು ಕೆಫೀನ್ ದೇಹದಲ್ಲಿ ಉಳಿದಿರುತ್ತದೆ. ನೋಡಬೇಕಾದದ್ದು ತಕ್ಕಡಿಯನ್ನಲ್ಲ: ಅದೇ ಭಾರವನ್ನು ಮೊದಲ ಸೆಟ್‌ನಲ್ಲಿ ಎಷ್ಟು ಸಲ ಎತ್ತುತ್ತೀರಿ, ಸೊಂಟದ ಅಳತೆ ಎಷ್ಟಿದೆ ಎಂಬುದನ್ನು. ಎತ್ತುವ ಸಂಖ್ಯೆ ಏರದಿದ್ದರೆ ಊಟವನ್ನು ಅತಿಯಾಗಿ ಕಡಿಮೆ ಮಾಡಿದ್ದೀರಾ ಎಂದು ನೋಡಿ.

ಎಂಟು ಗಂಟೆ ಮಲಗಿಯೂ ಬೆಳಿಗ್ಗೆ ತಲೆ ಭಾರವಿದ್ದು, ಹಗಲು ತೂಕಡಿಕೆ ಬರುತ್ತಿದ್ದು, ಮನೆಯವರು ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆ ಎಂದರೆ ಈ ಪರೀಕ್ಷೆ ಬೇಡ. ಅದು ಸ್ಲೀಪ್ ಆಪ್ನಿಯಾ ಇರಬಹುದು, ವೈದ್ಯರನ್ನು ಕಾಣಿ.